ಸಹಕಾರಿ ಬ್ಯಾಂಕಿನ ಸೈಬರ್ ಆಡಿಟ್: ಐಡಿ ಪಟ್ಟಿಯಿಂದ ಆಡಳಿತ ಮಂಡಳಿಯ ಟೇಬಲ್‌ವರೆಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪಟ್ಟಣ ಸಹಕಾರಿ ಬ್ಯಾಂಕುಗಳ ಆಂತರಿಕ ಆಡಿಟರುಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ನಮಗ ಕಂಪ್ಯೂಟರ್ ಅಷ್ಟಕ್ಕಷ್ಟ ರೀ, ಸೈಬರ್ ಆಡಿಟ್ ಹ್ಯಾಂಗ ಮಾಡೂದು?" ಈ ಲೇಖನ ಅವರಿಗಾಗಿ.

ಮೊದಲು ಒಂದು ಗೊಂದಲ ಬಿಡಿಸೋಣ. ಹೊರಗಿನ ತಜ್ಞರು ಬಂದು ಫೈರ್‌ವಾಲ್, ಸರ್ವರ್, ವೆಬ್‌ಸೈಟುಗಳಲ್ಲಿ ತೂತು ಹುಡುಕುವ ಕೆಲಸಕ್ಕೆ ವಿಎಪಿಟಿ ಎನ್ನುತ್ತಾರೆ. ಅದು ನಿಮ್ಮ ಕೆಲಸವಲ್ಲ. ಬ್ಯಾಂಕು ತನ್ನ ಸೈಬರ್ ಭದ್ರತಾ ನೀತಿಯಲ್ಲಿ ಮಾಡುತ್ತೇನೆಂದು ಬರೆದುಕೊಂಡದ್ದನ್ನು ನಿಜಕ್ಕೂ ಮಾಡುತ್ತಿದೆಯೇ, ಮಾಡದಿದ್ದಾಗ ಅದು ಯಾರಿಗೆ ಗೊತ್ತಾಗುತ್ತದೆ, ಗೊತ್ತಾದವರು ಏನು ಮಾಡುತ್ತಾರೆ ಎಂದು ನೋಡುವುದು ನಿಮ್ಮ ಕೆಲಸ. ಇದಕ್ಕೆ ವೋಚರ್ ತಾಳೆ ನೋಡುವ ಬುದ್ಧಿಯೇ ಸಾಕು. ಬೇರೆ ಬೇರೆ ಕೈಗಳು ಇಟ್ಟ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಇಡೀ ಆಡಿಟ್‌ನ ತಂತ್ರ. ಯಾರ ಕೆಲಸವನ್ನು ಪರೀಕ್ಷಿಸುತ್ತಿದ್ದೀರೋ ಅವರೇ ಕೊಟ್ಟ ಒಂದೇ ಪಟ್ಟಿಯನ್ನು ನಂಬಿ ಕೂತರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಶುರು ಮಾಡುವ ಮೊದಲು

ಆಡಿಟ್ ಸಮಿತಿಯಿಂದ ಒಂದು ಅಧಿಕಾರ ಪತ್ರ ಪಡೆಯಿರಿ. ಸಾಫ್ಟ್‌ವೇರ್ ಕಂಪನಿಯಿಂದ, ಎಚ್ಆರ್ ವಿಭಾಗದಿಂದ, ಶಾಖೆಗಳಿಂದ ದಾಖಲೆ ತರಿಸುವ ಹಕ್ಕು ಅದರಲ್ಲಿ ಸ್ಪಷ್ಟವಾಗಿರಲಿ. ಒಂದು ಕಟ್-ಆಫ್ ದಿನಾಂಕವನ್ನೂ ನಿಗದಿಮಾಡಿ, ಉದಾಹರಣೆಗೆ ಸೆಪ್ಟೆಂಬರ್ 30. ಎಲ್ಲ ಪಟ್ಟಿಗಳೂ ಅದೇ ದಿನದ್ದಾಗಿರಬೇಕು. ಒಂದು ಪಟ್ಟಿ ಆಗಸ್ಟಿನದು, ಇನ್ನೊಂದು ಅಕ್ಟೋಬರಿನದು ಆದರೆ ವ್ಯತ್ಯಾಸ ಕಂಡಾಗಲೆಲ್ಲ "ಅದು ನಡುವ ಬದಲಾಗೈತ್ರಿ" ಎಂಬ ಉತ್ತರ ಸಿದ್ಧವಿರುತ್ತದೆ.

ಓದಿಕೊಳ್ಳಬೇಕಾದ ರಿಸರ್ವ್ ಬ್ಯಾಂಕ್ ಸುತ್ತೋಲೆಗಳು ಮುಖ್ಯವಾಗಿ ಎರಡು. ಪಟ್ಟಣ ಸಹಕಾರಿ ಬ್ಯಾಂಕುಗಳ ಮೂಲಭೂತ ಸೈಬರ್ ಭದ್ರತೆಯ ಕುರಿತ 2018ರ ಅಕ್ಟೋಬರ್ 19ರದ್ದು ಮೊದಲನೆಯದು. 2019ರ ಡಿಸೆಂಬರ್ 31ರ ಎರಡನೆಯದು ಬ್ಯಾಂಕುಗಳನ್ನು ಅವು ಕೊಡುವ ಡಿಜಿಟಲ್ ಸೇವೆಗಳ ಪ್ರಕಾರ ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. ನಿಮ್ಮ ಬ್ಯಾಂಕು ಯಾವ ಹಂತದ್ದೆಂದು ಮಂಡಳಿ ಯಾವಾಗ ತೀರ್ಮಾನಿಸಿತು, ಆಮೇಲೆ ಮೊಬೈಲ್ ಆ್ಯಪ್ ಅಥವಾ ಸ್ವಂತ ಎಟಿಎಂ ಸ್ವಿಚ್ ಬಂದಾಗ ಹಂತವನ್ನು ಮರುಪರಿಶೀಲಿಸಿತೇ ಎಂಬುದು ನಿಮ್ಮ ಮೊದಲ ಟಿಪ್ಪಣಿಯಾಗಲಿ. ಹಳೆಯ ಹಂತದಲ್ಲೇ ಉಳಿದು ಹೊಸ ಸೇವೆ ಕೊಡುತ್ತಿರುವ ಬ್ಯಾಂಕುಗಳು ಕಡಿಮೆಯೇನಲ್ಲ.

ಸಣ್ಣ ಬ್ಯಾಂಕುಗಳಲ್ಲಿ ಆಂತರಿಕ ಆಡಿಟರ್ ಕೈಯಲ್ಲೇ ಸಿಬಿಎಸ್ ಅಡ್ಮಿನ್ ಪಾಸ್‌ವರ್ಡ್ ಇರುವುದುಂಟು. ಸಿಬಿಎಸ್ ಎಂದರೆ ಎಲ್ಲ ಶಾಖೆಗಳ ಖಾತೆ ನಡೆಯುವ ಕೇಂದ್ರ ತಂತ್ರಾಂಶ. ನಿಮ್ಮ ಪರಿಸ್ಥಿತಿಯೂ ಹಾಗೇ ಇದ್ದರೆ ಮೊದಲು ಅದನ್ನು ಬರವಣಿಗೆಯಲ್ಲಿ ಹಿಂದಿರುಗಿಸಿ. ಅದು ಕೈಯಲ್ಲಿರುವವರೆಗೆ ಈ ಆಡಿಟ್ ಮಾಡುವ ಅರ್ಹತೆ ನಿಮಗಿಲ್ಲ.

ಹಂತ 1: ಐಡಿ ಪಟ್ಟಿಯನ್ನು ಕಣ್ಣೆದುರೇ ತೆಗೆಸಿ

ಯಾರಿಗೆ ಯಾವ ಐಡಿ, ಯಾವ ಅಧಿಕಾರ ಎಂದು ಕಾಲಕಾಲಕ್ಕೆ ನೋಡುವುದಕ್ಕೆ ಆ್ಯಕ್ಸೆಸ್ ರಿವ್ಯೂ ಎನ್ನುತ್ತಾರೆ. ಸಾಮಾನ್ಯವಾಗಿ ಐಟಿ ವಿಭಾಗ ಒಂದು ಎಕ್ಸೆಲ್ ಹಾಳೆ ಮೇಲ್ ಮಾಡುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ಐಟಿ ಅಧಿಕಾರಿಯ ಪಕ್ಕದಲ್ಲಿ ಕೂತು, ಸಿಬಿಎಸ್‌ನ ಯೂಸರ್ ಮಾಸ್ಟರ್‌ನಿಂದ ವರದಿ ತೆಗೆಸಿ. ತೆಗೆಯುವಾಗ ಹಾಕಿದ ಫಿಲ್ಟರ್ ಯಾವುದು, ಪರದೆಯ ಕೆಳಗೆ ಒಟ್ಟು ದಾಖಲೆಗಳ ಸಂಖ್ಯೆ ಎಷ್ಟು ತೋರಿಸುತ್ತಿದೆ ಎಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. "ಆ್ಯಕ್ಟಿವ್" ಎಂದು ಮಾತ್ರ ಫಿಲ್ಟರ್ ಹಾಕಿದರೆ "ಲಾಕ್" ಆದ ಐಡಿಗಳು ಬಿಟ್ಟುಹೋಗುತ್ತವೆ. ಹಲವು ತಂತ್ರಾಂಶಗಳಲ್ಲಿ ಲಾಕ್ ಆದದ್ದನ್ನು ಅಡ್ಮಿನ್ ಒಂದು ಕ್ಲಿಕ್ಕಿನಲ್ಲಿ ತೆರೆಯಬಹುದು. ಆದ್ದರಿಂದ ಫಿಲ್ಟರ್ ಇಲ್ಲದೆ ಪೂರ್ತಿ ಪಟ್ಟಿ ಬೇಕು.

ಬೇಕಾದ ಕಾಲಮ್‌ಗಳು: ಯೂಸರ್ ಐಡಿ, ನೌಕರರ ಸಂಖ್ಯೆ, ಹೆಸರು, ಶಾಖೆ, ಅಧಿಕಾರದ ಮಟ್ಟ, ಪಾಸಿಂಗ್ ಮಿತಿ, ನೋಂದಾಯಿತ ಮೊಬೈಲ್, ಐಡಿ ಸೃಷ್ಟಿಯಾದ ದಿನ, ಕೊನೆಯ ಲಾಗಿನ್, ಕೊನೆಯ ಮಾರ್ಪಾಡು, ಮಾರ್ಪಾಡು ಮಾಡಿದವರ ಐಡಿ. ಕೊನೆಯ ಎರಡು ಕಾಲಮ್ ಹೆಚ್ಚಿನ ವರದಿಗಳಲ್ಲಿ ಇರುವುದಿಲ್ಲ, ಕೇಳಿಯೇ ತರಿಸಬೇಕು. ಮುಂದೆ ಕಥೆ ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಸಿಬಿಎಸ್ ನಿಮ್ಮ ಕಟ್ಟಡದಲ್ಲಿಲ್ಲದೆ ಸಾಫ್ಟ್‌ವೇರ್ ಕಂಪನಿಯ ಡೇಟಾ ಸೆಂಟರಿನಲ್ಲಿದ್ದರೆ, ಡೇಟಾಬೇಸಿಗೆ ನೇರ ಪ್ರವೇಶವಿರುವ ಅವರ ಸಿಬ್ಬಂದಿಯ ಪಟ್ಟಿಯನ್ನೂ ಕೇಳಿ. ಕರಾರಿನಲ್ಲಿ ಆಡಿಟ್ ಮಾಡುವ ಹಕ್ಕಿನ ಕಲಂ ಇದ್ದರೆ ಅದನ್ನು ಉಲ್ಲೇಖಿಸಿ. ಇಲ್ಲದಿದ್ದರೆ ಆ ಕೊರತೆಯೇ ಒಂದು ಆಕ್ಷೇಪಣೆ.

ಹಂತ 2: ಪಗಾರ ಪಟ್ಟಿಗೆ ಜೋಡಿಸಿ

ಎರಡನೇ ಪಟ್ಟಿ ಎಚ್ಆರ್ ಕೊಡುವ ಸಿಬ್ಬಂದಿ ಯಾದಿಯಲ್ಲ, ಆ ತಿಂಗಳು ನಿಜವಾಗಿ ಪಗಾರ ಜಮೆಯಾದವರ ಪಟ್ಟಿ. ಯಾದಿಯಲ್ಲಿ ನಿವೃತ್ತರ ಹೆಸರು ಉಳಿದಿರಬಹುದು. ಪಗಾರ ಹಾಗೆ ಉಳಿಯುವುದಿಲ್ಲ, ಯಾಕೆಂದರೆ ಅದನ್ನು ಯಾರಾದರೂ ನೋಡುತ್ತಾರೆ.

ಜೋಡಿಸುವುದು ನೌಕರರ ಸಂಖ್ಯೆಯಿಂದಲೇ, ಹೆಸರಿನಿಂದ ಬೇಡ. ನಮ್ಮ ಕಡೆಯ ಬ್ಯಾಂಕಿನಲ್ಲಿ ಎಸ್.ಬಿ. ಪಾಟೀಲರು ಇಬ್ಬರಾದರೂ ಇರುತ್ತಾರೆ, ಹಿರೇಮಠರು ಮೂವರು. ಅದೇ ಕುಲಕರ್ಣಿಯವರ ಹೆಸರನ್ನು ಎರಡು ದಾಖಲೆಗಳಲ್ಲಿ ಎರಡು ಸ್ಪೆಲ್ಲಿಂಗಿನಲ್ಲಿ ಬರೆದಿರುತ್ತಾರೆ. ಪಗಾರದ ಹಾಳೆಗೆ `Pagara` ಎಂದು ಹೆಸರಿಟ್ಟು, ಅದರ ಮೊದಲ ಕಾಲಮಿನಲ್ಲಿ ನೌಕರರ ಸಂಖ್ಯೆ ಇಟ್ಟು, ಐಡಿಗಳ ಹಾಳೆಯಲ್ಲಿ ಹೀಗೆ ಬರೆಯಿರಿ. ಇಲ್ಲಿ B ಕಾಲಮಿನಲ್ಲಿ ನೌಕರರ ಸಂಖ್ಯೆ ಇದೆ ಎಂದುಕೊಂಡಿದೆ.

```
=COUNTIF(Pagara!A:A, B2)
```

ಸೊನ್ನೆ ಬಂದರೆ ಆ ಐಡಿಯ ಒಡೆಯ ಪಗಾರ ಪಟ್ಟಿಯಲ್ಲಿಲ್ಲ ಎಂದರ್ಥ. ಇದಕ್ಕೇ `VLOOKUP` ಬಳಸಿದರೆ ಒಂದು ತೊಂದರೆ ಇದೆ: ಒಂದು ಹಾಳೆಯಲ್ಲಿ 00417 ಎಂದು ಪಠ್ಯವಾಗಿ, ಇನ್ನೊಂದರಲ್ಲಿ 417 ಎಂದು ಅಂಕಿಯಾಗಿ ಇದ್ದರೆ ಅದು ಎರಡನ್ನೂ ಬೇರೆ ಎಂದೇ ನೋಡುತ್ತದೆ, ನಿಮಗೆ ಹತ್ತಾರು ಸುಳ್ಳು ವ್ಯತ್ಯಾಸಗಳು ಸಿಗುತ್ತವೆ. B ಕಾಲಮಿನಲ್ಲಿಯೇ ಸಂಖ್ಯೆ ಎರಡು ಬಾರಿ ಬಂದಿದೆಯೇ ಎಂದೂ `=COUNTIF(B:B, B2)` ಸೂತ್ರದಿಂದ ನೋಡಿ. ಒಬ್ಬರಿಗೆ ಎರಡು ಐಡಿ ಇದ್ದರೆ ಒಂದರಿಂದ ಎಂಟ್ರಿ, ಇನ್ನೊಂದರಿಂದ ಪಾಸಿಂಗ್ ಸಾಧ್ಯ.

ಹಂತ 3: ಉಳಿದ ಐಡಿಗಳ ಬೆನ್ನು ಹತ್ತಿ

ಒಂದು ಮಾದರಿ ಲೆಕ್ಕ ಇಟ್ಟುಕೊಳ್ಳೋಣ. ಒಂಬತ್ತು ಶಾಖೆಗಳ ಬ್ಯಾಂಕು, ಪಗಾರ ಪಟ್ಟಿಯಲ್ಲಿ 71 ಜನ. ಅವರಲ್ಲಿ ಡ್ರೈವರ್, ಸಿಪಾಯಿ ಸೇರಿ 5 ಜನರಿಗೆ ಐಡಿ ಬೇಕಿಲ್ಲ. ಹಾಗಾದರೆ 66 ಐಡಿ ಇರಬೇಕು. ಯೂಸರ್ ಮಾಸ್ಟರಿನಲ್ಲಿ ಇರುವುದು 96.

ಹೆಚ್ಚುವರಿ 30ನ್ನು ಬೇರ್ಪಡಿಸಿದಾಗ ಹೀಗೆ ಬಂತೆನ್ನಿ: ಕೆಲಸ ಬಿಟ್ಟವರದು ಅಥವಾ ನಿವೃತ್ತರದು 11, ಸಾಫ್ಟ್‌ವೇರ್ ಕಂಪನಿಯವರದು 6, ಎಸ್‌ಎಂಎಸ್, ಎಟಿಎಂ, ಡೇ-ಎಂಡ್ ಕೆಲಸಗಳಿಗೆ ಯಂತ್ರ ಬಳಸುವ ಐಡಿ 5, ವರ್ಗಾವಣೆಯಾದಾಗ ಹಳೆಯದನ್ನು ಮುಚ್ಚದೆ ಹೊಸದು ಕೊಟ್ಟದ್ದು 5, "ಕೌಂಟರ್ 2" ಎಂಬಂಥ ಒಡೆಯನಿಲ್ಲದ ಐಡಿ 3. ಯಂತ್ರದ ಐಡಿಗಳಿಂದ ಮನುಷ್ಯರು ಲಾಗಿನ್ ಆಗುವಂತಿದೆಯೇ, ಕಂಪನಿಯವರ 6ರಲ್ಲಿ ಈಗಲೂ ಅಲ್ಲಿ ಕೆಲಸದಲ್ಲಿರುವವರು ಎಷ್ಟು ಎಂದು ಕೇಳಿ ಮುಂದೆ ಹೋಗಿ. ಸಮಯ ಕೊಡಬೇಕಾದದ್ದು ಆ 11ಕ್ಕೆ.

ಬಿಟ್ಟುಹೋದವರ ಐಡಿ ತೆರೆದಿರುವುದು ಒಂದು ದೋಷ. ಅದನ್ನು ಬಿಟ್ಟುಹೋದ ಮೇಲೂ ಬಳಸಿದ್ದು ಬೇರೆಯೇ ವಿಷಯ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಎರಡನೆಯದು ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ರಿಲೀವಿಂಗ್ ದಿನಾಂಕದ ಎದುರಿಗೆ ಕೊನೆಯ ಲಾಗಿನ್ ದಿನಾಂಕ ಬರೆಯಿರಿ. ನಮ್ಮ ಮಾದರಿಯಲ್ಲಿ 10 ಐಡಿ ಬಳಕೆಯಾಗಿಲ್ಲ. ಒಂದು ಮಾತ್ರ ಬೇರೆ. ಗ್ರಾಮೀಣ ಶಾಖೆಯೊಂದರ ಅಧಿಕಾರಿ ಮೇ 31ಕ್ಕೆ ನಿವೃತ್ತರಾದರು, ಅವರ ಐಡಿಯ ಕೊನೆಯ ಲಾಗಿನ್ ಜುಲೈ 14.

ಈಗ ಆ ಐಡಿಯಿಂದ ಜೂನ್ 1ರಿಂದ ಆದ ಎಲ್ಲ ವ್ಯವಹಾರ ತರಿಸಿ. 212 ಎಂಟ್ರಿ ಪಾಸ್ ಆಗಿವೆ ಎಂದುಕೊಳ್ಳಿ. ಪ್ರತಿಯೊಂದಕ್ಕೂ ನಾಲ್ಕು ವಿವರ ಬೇಕು: ಎಂಟ್ರಿ ಮಾಡಿದ ಸಮಯ, ಪಾಸ್ ಮಾಡಿದ ಸಮಯ, ಎರಡರ ಟರ್ಮಿನಲ್ ಅಥವಾ ಐಪಿ ವಿಳಾಸ. ಎಂಟ್ರಿ ಮಾಡುವ ಮೇಕರ್ ಒಬ್ಬರು, ನೋಡಿ ಪಾಸ್ ಮಾಡುವ ಚೆಕರ್ ಇನ್ನೊಬ್ಬರು ಎಂಬುದು ನಿಯಮ. ಇಬ್ಬರು ಮನುಷ್ಯರಿದ್ದರೆ ಟರ್ಮಿನಲ್ ಎರಡಿರುತ್ತದೆ, ನಡುವೆ ಅರ್ಧ ನಿಮಿಷವಾದರೂ ಹೋಗುತ್ತದೆ. ಇಲ್ಲಿ ಹೆಚ್ಚಿನವು ಒಂದೇ ಟರ್ಮಿನಲ್, ಲಾಗೌಟ್ ಆಗಿ ಲಾಗಿನ್ ಆಗಲು ಬೇಕಾದಷ್ಟೇ ಅಂತರ. ಹಲವು ಎಂಟ್ರಿಗಳನ್ನು ಕೂಡಿಸಿಟ್ಟು ಒಂದೇ ಬಾರಿಗೆ ಸಾಲಾಗಿ ಪಾಸ್ ಮಾಡಿದ ಗುರುತೂ ಇದೆ. ಅಂದರೆ ಒಬ್ಬರೇ ಎರಡೂ ಪಾತ್ರ ಮಾಡಿದ್ದಾರೆ.

"ಆದರೆ ಒಟಿಪಿ ಬರ್ತದಲ್ರಿ?" ಎಂದು ಕೇಳುವವರಿದ್ದಾರೆ. 2019ರ ಸುತ್ತೋಲೆ ಸಿಬಿಎಸ್ ಪ್ರವೇಶಕ್ಕೆ ಪಾಸ್‌ವರ್ಡ್ ಜೊತೆಗೆ ಪ್ರತಿ ಸಲ ಬದಲಾಗುವ ಎರಡನೇ ಗುರುತು ಬೇಕೆಂದು ಹೇಳುತ್ತದೆ ನಿಜ. ನೋಂದಾಯಿತ ಮೊಬೈಲ್ ಕಾಲಮ್ ಕೇಳಿದ್ದು ಇದಕ್ಕೇ. ನಮ್ಮ ಮಾದರಿಯಲ್ಲಿ ಆ ಐಡಿಯ ಮೊಬೈಲ್ ನಂಬರ್ ಜೂನ್ 3ರಂದು ಬದಲಾಗಿ, ಶಾಖೆಯ ಟೇಬಲ್ ಮೇಲಿರುವ ಸಾಮಾನ್ಯ ಫೋನಿನ ನಂಬರ್ ಆಗಿದೆ. ಬದಲಾಯಿಸಿದ್ದು ಹೆಡ್ ಆಫೀಸಿನ ಅಡ್ಮಿನ್ ಐಡಿ. ಕೋರಿಕೆ ಬಂದದ್ದು ಹೇಗೆಂದು ಕೇಳಿದರೆ ಫೋನಿನಲ್ಲಿ. ಕಾಗದವಿಲ್ಲ.

ಇಲ್ಲಿ ಎಲ್ಲರಿಗೂ ಬರುವ ಮೊದಲ ಯೋಚನೆ ಮೋಸ. ಆ 212 ಎಂಟ್ರಿಗಳನ್ನು ವೋಚರ್ ಜೊತೆ ತಾಳೆ ನೋಡಲೇಬೇಕು, ಸಸ್ಪೆನ್ಸ್ ಖಾತೆ, ಸಿಬ್ಬಂದಿ ಖಾತೆ, ನಿಷ್ಕ್ರಿಯ ಖಾತೆಗಳಿಗೆ ಹೋದ ಎಂಟ್ರಿಗಳನ್ನು ಒಂದನ್ನೂ ಬಿಡದೆ. ಆದರೆ ಎಲ್ಲ ವೋಚರುಗಳೂ ಸರಿಯಾಗಿವೆ ಎಂದು ಕಂಡರೆ? ಹೆಚ್ಚಿನ ಸಲ ಕಾರಣ ಸರಳವಾಗಿರುತ್ತದೆ: ಶಾಖೆಯಲ್ಲಿ ಪಾಸಿಂಗ್ ಅಧಿಕಾರವಿದ್ದವರು ಇಬ್ಬರೇ, ಒಬ್ಬರು ನಿವೃತ್ತರಾದರು, ಅವರ ಜಾಗಕ್ಕೆ ಜುಲೈ ಮಧ್ಯದವರೆಗೆ ಯಾರನ್ನೂ ಹಾಕಲಿಲ್ಲ. ಕೌಂಟರಿನ ಮುಂದೆ ಜನ ನಿಂತಿದ್ದಾರೆ. ಮ್ಯಾನೇಜರ್ ದಾರಿ ಕಂಡುಕೊಂಡರು. ಹಾಗಾದರೆ ಬೇರು ಇರುವುದು ಐಟಿಯಲ್ಲಲ್ಲ, ವರ್ಗಾವಣೆ ಮಾಡುವ ಟೇಬಲ್ಲಿನಲ್ಲಿ. ನಿಮ್ಮ ವರದಿ "ಐಡಿ ಮುಚ್ಚಲಿಲ್ಲ" ಎಂದಷ್ಟೇ ಬರೆದರೆ ಐಟಿಯವರು ಐಡಿ ಮುಚ್ಚುತ್ತಾರೆ, ಮುಂದಿನ ನಿವೃತ್ತಿಯಲ್ಲಿ ಇನ್ನೊಂದು ಶಾಖೆ ಇನ್ನೊಂದು ದಾರಿ ಹುಡುಕುತ್ತದೆ.

ಹಂತ 4: ಬ್ಯಾಂಕಿನ ಸ್ವಂತ ಪರಿಶೀಲನೆ ಇದನ್ನು ಏಕೆ ಹಿಡಿಯಲಿಲ್ಲ?

ಆಡಳಿತದ ಆಡಿಟ್ ನಿಜವಾಗಿ ಶುರುವಾಗುವುದು ಇಲ್ಲಿ. ನೀತಿಯ ಪ್ರಕಾರ ಮೂರು ತಿಂಗಳಿಗೊಮ್ಮೆ ಶಾಖೆಗಳು ಐಡಿ ಪಟ್ಟಿ ನೋಡಿ ದೃಢೀಕರಿಸಬೇಕು ಎಂದಿದ್ದರೆ ಜೂನ್ 30ರ ಫೈಲ್ ತರಿಸಿ. ಆ ನಿವೃತ್ತರ ಐಡಿ ಆ ಪಟ್ಟಿಯಲ್ಲಿತ್ತೇ? ಇದ್ದೂ ಮ್ಯಾನೇಜರ್ ಸಹಿ ಹಾಕಿದ್ದರೆ ಪರಿಶೀಲನೆ ಸಹಿಗಷ್ಟೇ ನಡೆದಿದೆ. ಪಟ್ಟಿಯಲ್ಲೇ ಇರಲಿಲ್ಲವಾದರೆ ಪಟ್ಟಿ ತೆಗೆದ ರೀತಿ ತಪ್ಪು.

ಯಾಂತ್ರಿಕ ಸಹಿಯ ಗುರುತುಗಳು ಫೈಲಿನಲ್ಲೇ ಕಾಣುತ್ತವೆ. ಒಂಬತ್ತೂ ಶಾಖೆಗಳ ಉತ್ತರ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಬಂದಿರುತ್ತದೆ. ಸತತ ನಾಲ್ಕು ತ್ರೈಮಾಸಿಕಗಳಲ್ಲಿ ಒಂದು ಐಡಿಯನ್ನೂ ತೆಗೆಯಲು ಯಾರೂ ಹೇಳಿರುವುದಿಲ್ಲ. ಆ ವರ್ಷ ವರ್ಗಾವಣೆ, ನಿವೃತ್ತಿ ಆಗಿದ್ದರೂ ಬದಲಾವಣೆ ಶೂನ್ಯ ಎಂದರೆ ಯಾರೂ ಓದಿಲ್ಲ. ಇನ್ನೊಂದು ಗುರುತು ಸೂಕ್ಷ್ಮ: ಶಾಖೆಯ ಮ್ಯಾನೇಜರ್ ತನ್ನ ಐಡಿಯನ್ನೂ ತಾನೇ ದೃಢೀಕರಿಸಿದ್ದಾರೆ, ಅಡ್ಮಿನ್ ಐಡಿಗಳನ್ನು ಯಾರೂ ದೃಢೀಕರಿಸಿಲ್ಲ.

ಪರಿಹಾರವಾಗಿ ಒಂದು ಸಣ್ಣ ಬದಲಾವಣೆ ಸೂಚಿಸಿ. ರಿಲೀವಿಂಗ್ ಆದೇಶದ ಪ್ರತಿ ಐಟಿಗೆ ಹೋಗಬೇಕು, ಐಡಿ ಮುಚ್ಚಿದ ದೃಢೀಕರಣ ಬಂದ ಮೇಲೆಯೇ ಅಂತಿಮ ಲೆಕ್ಕ ಚುಕ್ತಾ ಆಗಬೇಕು. ಹಣ ಬಿಡುಗಡೆಗೆ ಕಟ್ಟಿದ ಕೆಲಸ ಮರೆತುಹೋಗುವುದಿಲ್ಲ. ಜೊತೆಗೆ ಒಬ್ಬರೇ ಪಾಸಿಂಗ್ ಅಧಿಕಾರಿ ಉಳಿಯುವ ಶಾಖೆಗೆ ಹೆಡ್ ಆಫೀಸಿನಿಂದ ಪಾಸಿಂಗ್ ಮಾಡುವ ತಾತ್ಕಾಲಿಕ ವ್ಯವಸ್ಥೆಯೂ ಇರಬೇಕು, ಇಲ್ಲದಿದ್ದರೆ ಮೊದಲ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಹಂತ 5: ಪ್ಯಾಚ್ ಆಗಿದೆಯೇ, ಎಷ್ಟು ದಿನಕ್ಕೆ?

ತಂತ್ರಾಂಶದಲ್ಲಿ ಸಿಕ್ಕ ದೋಷಕ್ಕೆ ಕಂಪನಿ ಬಿಡುಗಡೆ ಮಾಡುವ ತೇಪೆಯೇ ಪ್ಯಾಚ್. ಮೈಕ್ರೋಸಾಫ್ಟ್ ಇವನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ಬಿಡುಗಡೆಯ ದಿನದಿಂದ ನಿಮ್ಮ ಯಂತ್ರಕ್ಕೆ ಹತ್ತಿದ ದಿನದವರೆಗಿನ ಅಂತರ ಎಷ್ಟು ಎಂಬುದೇ ಪ್ರಶ್ನೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಎಂಬ ಹಾನಿಕಾರಕ ತಂತ್ರಾಂಶ ಬಳಸಿದ ದೋಷಕ್ಕೆ ಆಗ ಬೆಂಬಲದಲ್ಲಿದ್ದ ವಿಂಡೋಸ್‌ಗಳಿಗೆ ಪ್ಯಾಚ್ ಬಂದದ್ದು ಮಾರ್ಚ್ 14ರಂದು. 59 ದಿನಗಳ ಅವಕಾಶವಿತ್ತು.

ಇಲ್ಲಿಯೂ ಎರಡು ಪಟ್ಟಿಗಳ ತಂತ್ರವೇ. ಐಟಿಯ ವರದಿ "98 ಪ್ರತಿಶತ ಪ್ಯಾಚ್ ಆಗಿದೆ" ಎನ್ನುತ್ತದೆ. ಯಾವುದರ 98? ಪ್ಯಾಚ್ ಹಂಚುವ ಸರ್ವರಿಗೆ ವರದಿ ಮಾಡಿಕೊಳ್ಳುವ ಯಂತ್ರಗಳ ಪೈಕಿ. ಅದಕ್ಕೆ ಸೇರಿಯೇ ಇಲ್ಲದ, ಅಥವಾ ತಿಂಗಳಿನಿಂದ ಸದ್ದಿಲ್ಲದ ಯಂತ್ರಗಳು ಲೆಕ್ಕದಲ್ಲೇ ಇಲ್ಲ. ಆದ್ದರಿಂದ ಡೆಡ್ ಸ್ಟಾಕ್ ರಿಜಿಸ್ಟರ್, ಆ್ಯಂಟಿವೈರಸ್ ಕನ್ಸೋಲ್, ಪ್ಯಾಚ್ ಸರ್ವರ್ ಈ ಮೂರರಲ್ಲಿ ಕಂಪ್ಯೂಟರುಗಳ ಸಂಖ್ಯೆ ಎಷ್ಟೆಷ್ಟು ಎಂದು ಮೊದಲು ಬರೆದುಕೊಳ್ಳಿ. ಮೂರೂ ಹೊಂದಿದರೆ ಆಶ್ಚರ್ಯಪಡಬಹುದು.

ಆಮೇಲೆ ಎಲ್ಲ ಸರ್ವರುಗಳನ್ನೂ, ಪ್ರತಿ ಶಾಖೆಯಿಂದ ಮೂರು ಯಂತ್ರಗಳನ್ನೂ ಆರಿಸಿ. ಆಯ್ಕೆ ನಿಮ್ಮದಿರಲಿ. ಮ್ಯಾನೇಜರ್ ಯಂತ್ರ, ಆರ್‌ಟಿಜಿಎಸ್ ಮಾಡುವ ಯಂತ್ರ, ಮೂಲೆಯಲ್ಲಿ ಪಾಸ್‌ಬುಕ್ ಮುದ್ರಿಸುವ ಯಂತ್ರ ಇವನ್ನು ಬಿಡಬೇಡಿ. ಮೂಲೆಯದ್ದೇ ಸಾಮಾನ್ಯವಾಗಿ ಹಳೆಯದು. ಪವರ್‌ಶೆಲ್ ತೆರೆದು ಇದನ್ನು ಓಡಿಸಿ:

```
Get-HotFix | Sort-Object InstalledOn -Descending | Select-Object -First 5
```

ಮೇಲಿನ ಸಾಲಿನ ದಿನಾಂಕ ಎರಡು ತಿಂಗಳಿಗಿಂತ ಹಳೆಯದಾಗಿದ್ದರೆ ಕಾರಣ ಕೇಳಿ. ಈ ಆದೇಶ ಎಲ್ಲ ಬಗೆಯ ಅಪ್‌ಡೇಟುಗಳನ್ನೂ ತೋರಿಸುವುದಿಲ್ಲ, ಬ್ರೌಸರ್, ಪಿಡಿಎಫ್ ರೀಡರ್ ಇತ್ಯಾದಿ ಬೇರೆಯಾಗಿ ನೋಡಬೇಕು. ಜೊತೆಗೆ `winver` ಹೊಡೆದು ವಿಂಡೋಸ್ ಆವೃತ್ತಿಯ ಫೋಟೋ ತೆಗೆದುಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದುಡ್ಡು ಕೊಟ್ಟು ವಿಸ್ತರಿತ ಅಪ್‌ಡೇಟ್ ಪಡೆದಿಲ್ಲದಿದ್ದರೆ ಆ ಯಂತ್ರಕ್ಕೆ ಪ್ಯಾಚ್ ಬರುವುದೇ ಇಲ್ಲ, ಎಷ್ಟೇ "ಅಪ್ ಟು ಡೇಟ್" ಎಂದು ಆ್ಯಂಟಿವೈರಸ್ ಹಸಿರು ಗುರುತು ತೋರಿಸಿದರೂ.

ಕಣ್ಣಿಗೆ ಬೀಳದ ಇನ್ನೊಂದು ದೋಷವಿದೆ. ಪ್ಯಾಚ್ ಇಳಿದು, ರೀಸ್ಟಾರ್ಟ್ ಆಗದೆ ಕಾಯುತ್ತಿರುತ್ತದೆ. ದಿನಾ ಸಂಜೆ ಶಟ್ ಡೌನ್ ಮಾಡುತ್ತೇವೆ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್ ಡೌನ್ ಪೂರ್ತಿ ರೀಸ್ಟಾರ್ಟಿಗೆ ಸಮನಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ನೋಡಿ:

```
systeminfo | find "System Boot Time"
```

ದಿನಾ ಬಂದ್ ಮಾಡುವ ಯಂತ್ರದ ಬೂಟ್ ದಿನಾಂಕ ಮೂರು ವಾರ ಹಿಂದಿನದಾಗಿದ್ದರೆ ಕಾರಣ ಇದೇ.

ಪ್ಯಾಚ್ ತಡವಾಗುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಮಾರ್ಚ್ ಕೊನೆಯಲ್ಲಿ, ಕಬ್ಬಿನ ಬಿಲ್ಲು ಜಮೆಯಾಗುವ ದಿನಗಳಲ್ಲಿ ಸರ್ವರ್ ಮುಟ್ಟಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಮುಂದೂಡಿದ್ದಕ್ಕೆ ಒಂದು ರಿಜಿಸ್ಟರ್ ಬೇಕು: ಯಾವ ಯಂತ್ರ, ಯಾವ ಪ್ಯಾಚ್, ಯಾರು ಒಪ್ಪಿದರು, ಎಂದಿನವರೆಗೆ, ಅಲ್ಲಿಯವರೆಗೆ ಬದಲಿ ರಕ್ಷಣೆ ಏನು. ಕೊನೆಯ ದಿನಾಂಕವಿಲ್ಲದ ವಿನಾಯಿತಿಯನ್ನು ವಿನಾಯಿತಿ ಎಂದು ಒಪ್ಪಿಕೊಳ್ಳಬೇಡಿ. ವರದಿಯಲ್ಲಿ ಸರಾಸರಿ ದಿನಗಳನ್ನು ಬರೆಯದೆ ಎಲ್ಲಕ್ಕಿಂತ ಹಿಂದುಳಿದ ಐದು ಯಂತ್ರಗಳನ್ನು ಬರೆಯಿರಿ. ನುಗ್ಗುವವನಿಗೆ ಸರಾಸರಿ ಬೇಕಿಲ್ಲ.

ಹಂತ 6: ಘಟನೆ ನಡೆದಾಗ ಏನು ಮಾಡಿದರು?

ಎಲ್ಲ ಬ್ಯಾಂಕುಗಳಲ್ಲೂ ಘಟನಾ ನಿರ್ವಹಣೆಯ ಯೋಜನೆ ಎಂಬ ಫೈಲ್ ಇರುತ್ತದೆ, ಮತ್ತು ಘಟನೆಗಳ ರಿಜಿಸ್ಟರ್ ಖಾಲಿ ಇರುತ್ತದೆ. ಖಾಲಿ ರಿಜಿಸ್ಟರನ್ನು ನಂಬುವ ಮೊದಲು ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಹಾರ್ಡ್‌ವೇರ್ ರಿಪೇರಿಯವರ ಬಿಲ್ಲುಗಳನ್ನು ತೆಗೆಸಿ. "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದ್ದಕ್ಕೆ" ಎಂಬ ಪ್ರತಿ ಬಿಲ್ಲಿನ ಹಿಂದೆ ಒಂದು ಕಾರಣವಿದೆ. ಕೆಲವು ಹಾರ್ಡ್ ಡಿಸ್ಕ್ ಕೆಟ್ಟದ್ದು, ಕೆಲವು ವೈರಸ್. ವೈರಸ್ ಬಂದ ಯಂತ್ರವನ್ನು ಹಾಗೇ ಫಾರ್ಮ್ಯಾಟ್ ಮಾಡಿದರೆ ಅದು ಎಲ್ಲಿಂದ ಬಂತು, ಬೇರೆ ಎಲ್ಲಿಗೆ ಹೋಯಿತು ಎಂಬ ಪುರಾವೆಯೂ ಅಳಿದುಹೋಯಿತು. ಆ್ಯಂಟಿವೈರಸ್ ಕನ್ಸೋಲಿನ ಪತ್ತೆ ವರದಿಯನ್ನು ಬಿಲ್ಲುಗಳ ಪಕ್ಕಕ್ಕಿಟ್ಟರೆ ರಿಜಿಸ್ಟರಿನಲ್ಲಿ ಇರಬೇಕಿದ್ದದ್ದು ಎಷ್ಟೆಂದು ಗೊತ್ತಾಗುತ್ತದೆ.

ಅವುಗಳಲ್ಲಿ ಒಂದನ್ನು ಆರಿಸಿ ಸಮಯದ ಸಾಲು ಬರೆಯಿರಿ: ಯಾರು ಮೊದಲು ಕಂಡರು, ಯಾರಿಗೆ ಹೇಳಿದರು, ನೆಟ್‌ವರ್ಕ್ ಕೇಬಲ್ ಯಾವಾಗ ಕಿತ್ತರು, ಹೊರಗೆ ಯಾರಿಗೆ ತಿಳಿಸಿದರು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಅದು ಪಟ್ಟಿ ಮಾಡಿದ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ incident@cert-in.org.in ವಿಳಾಸಕ್ಕೆ ಅಥವಾ 1800-11-4949ಕ್ಕೆ ತಿಳಿಸಬೇಕು. ಸರ್ಟ್-ಇನ್ ಎಂದರೆ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ರಿಸರ್ವ್ ಬ್ಯಾಂಕಿಗೆ ತಿಳಿಸುವುದು ಬೇರೆ, ಅದೂ ತಕ್ಷಣ. ಗ್ರಾಹಕರ ದುಡ್ಡು ಹೋದಾಗ ಕರೆ ಮಾಡುವ 1930 ಇವೆರಡಕ್ಕೂ ಬದಲಿಯಲ್ಲ. ಮೂರನ್ನೂ ಒಂದೇ ಎಂದು ತಿಳಿದು, 1930ಕ್ಕೆ ಫೋನ್ ಮಾಡಿ ಕೈತೊಳೆದುಕೊಂಡವರಿದ್ದಾರೆ.

6 ಗಂಟೆಯ ಗಡಿಯಾರ ಶುರುವಾಗುವುದು ಕಂಡಾಗ, ಖಚಿತವಾದಾಗ ಅಲ್ಲ. ಶಾಖೆಯ ಕ್ಲರ್ಕ್ ಕಂಡದ್ದು ಬೆಳಿಗ್ಗೆ 11ಕ್ಕೆ, ಐಟಿಗೆ ಹೇಳಿದ್ದು 4ಕ್ಕೆ ಎಂದರೆ ಐದು ಗಂಟೆ ಆಗಲೇ ಹೋಯಿತು. ಯೋಜನೆಯ ಫೈಲು ಎಷ್ಟೇ ದಪ್ಪವಿರಲಿ, ಕ್ಲರ್ಕಿಗೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿಲ್ಲದಿದ್ದರೆ ಅದು ಕೆಲಸಕ್ಕೆ ಬಂದಿಲ್ಲ.

ಮಾಡಿ ನೋಡಬಹುದಾದ ಮೂರು ಪರೀಕ್ಷೆಗಳಿವೆ. ಎರಡನೇ ಶನಿವಾರ ಸಂಜೆ ಯೋಜನೆಯಲ್ಲಿರುವ ತುರ್ತು ನಂಬರುಗಳಿಗೆ ಕರೆ ಮಾಡಿ, ಎಷ್ಟು ಎತ್ತಿದರು ಎಂದು ಬರೆದುಕೊಳ್ಳಿ. ರಜಾದಿನವೇ ಯಾಕೆಂದರೆ, 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಸುಮಾರು 94 ಕೋಟಿ ರೂಪಾಯಿ ಹೋದಾಗ, ಹಲವು ದೇಶಗಳ ಎಟಿಎಂಗಳಿಂದ ಹಣ ತೆಗೆಯುವುದು ಶುರುವಾದದ್ದು ಆಗಸ್ಟ್ 11ರ ಎರಡನೇ ಶನಿವಾರ. ಎರಡನೇ ಪರೀಕ್ಷೆ: 170 ದಿನ ಹಿಂದಿನ ಯಾವುದೋ ಒಂದು ದಿನದ ಫೈರ್‌ವಾಲ್ ಲಾಗ್ ಕೇಳಿ. ಲಾಗ್ ಎಂದರೆ ಯಂತ್ರ ತಾನೇ ಬರೆದಿಡುವ ದಿನಚರಿ, ಅದು 180 ದಿನ ಉಳಿಯಬೇಕೆಂದು ಅದೇ ನಿರ್ದೇಶನ ಹೇಳುತ್ತದೆ. ಸಣ್ಣ ಫೈರ್‌ವಾಲುಗಳ ಒಳಗೆ ಜಾಗ ಕಡಿಮೆ, ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತವೆ. "ಲಾಗ್ ಇಡುತ್ತೇವೆ" ಎಂಬ ಉತ್ತರಕ್ಕೂ 170ನೇ ದಿನದ ಫೈಲಿಗೂ ದೂರವಿದೆ. ಮೂರನೆಯದು, ಫೈರ್‌ವಾಲ್, ಸಿಬಿಎಸ್, ಸಿಸಿಟಿವಿ ಇವುಗಳ ಗಡಿಯಾರಗಳನ್ನು ಒಂದೇ ಕ್ಷಣದಲ್ಲಿ ನೋಡಿ. ಸಿಸಿಟಿವಿ ಏಳು ನಿಮಿಷ ಹಿಂದಿದ್ದರೆ, ಹಂತ 3ರಲ್ಲಿ ಆ ಟರ್ಮಿನಲ್ಲಿನ ಮುಂದೆ ಕೂತಿದ್ದವರು ಯಾರೆಂದು ಹೇಳುವುದು ಕಷ್ಟ.

ಯೋಜನೆಯಲ್ಲಿ ಸಾಮಾನ್ಯವಾಗಿ ಇಲ್ಲದ ಪುಟವೆಂದರೆ ಸಿಬಿಎಸ್ ಕಂಪನಿಯೇ ನಿಂತುಹೋದರೆ ಏನು ಎಂಬುದು. 2024ರ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ಬ್ಯಾಂಕಿಂಗ್ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ವ್ಯವಸ್ಥೆಗೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿರುವ ಸಾಧ್ಯತೆಯಿಂದ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ತಮ್ಮ ತಪ್ಪೇನೂ ಇಲ್ಲದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ಸಿಗಲಿಲ್ಲ. ಆ ದಿನ ನಿಮ್ಮ ಕೌಂಟರಿನಲ್ಲಿ ಏನು ಹೇಳುತ್ತೀರಿ, ಯಾವ ವ್ಯವಹಾರ ಕೈಯಲ್ಲಿ ಬರೆದುಕೊಳ್ಳುತ್ತೀರಿ ಎಂಬುದು ಬರೆದಿದೆಯೇ ನೋಡಿ.

ಹಂತ 7: ಮಂಡಳಿಗೆ ಒಂದು ಪುಟ

ವರದಿ ಆಡಿಟ್ ಸಮಿತಿಗೆ ನೇರ ಹೋಗಬೇಕು. ಜನರಲ್ ಮ್ಯಾನೇಜರ್ ಉತ್ತರ ಬರೆಯಬಹುದು, ಅಕ್ಷರ ತಿದ್ದುವಂತಿಲ್ಲ. ನಿರ್ದೇಶಕರಲ್ಲಿ ವ್ಯಾಪಾರಿಗಳು, ರೈತರು, ವಕೀಲರು ಇರುತ್ತಾರೆ. ಅವರಿಗೆ ಕನ್ನಡದಲ್ಲಿ ಒಂದು ಪುಟ ಸಾಕು, ವಿವರ ಅನುಬಂಧದಲ್ಲಿರಲಿ. ಪ್ರತಿ ಅಂಕಿಯ ಜೊತೆ ಅದು ಎಷ್ಟರಲ್ಲಿ ಎಷ್ಟು ಎಂದು ಬರೆಯಿರಿ. ಹಂತ 3ರ ವಿಷಯ ಹೀಗೆ ಹೋಗಬಹುದು:

"96 ಐಡಿಗಳಲ್ಲಿ 11 ಬ್ಯಾಂಕು ಬಿಟ್ಟವರದು. ಒಂದನ್ನು ನಿವೃತ್ತಿಯ ನಂತರ ಜುಲೈ 14ರವರೆಗೆ ಬಳಸಿ 212 ಎಂಟ್ರಿ ಪಾಸ್ ಮಾಡಲಾಗಿದೆ. ಎಲ್ಲ ವೋಚರುಗಳ ತಾಳೆ ಮುಗಿದಿದೆ, ನಷ್ಟ ಕಂಡಿಲ್ಲ. ಕಾರಣ: ಶಾಖೆಗೆ ಎರಡನೇ ಪಾಸಿಂಗ್ ಅಧಿಕಾರಿ ಇರಲಿಲ್ಲ. ಮಂಡಳಿಯಿಂದ ಬೇಕಾದ ನಿರ್ಣಯ: ಒಬ್ಬರೇ ಅಧಿಕಾರಿ ಇರುವ ಶಾಖೆಗಳಿಗೆ ಹೆಡ್ ಆಫೀಸಿನಿಂದ ಪಾಸಿಂಗ್, ಮತ್ತು ಐಡಿ ಮುಚ್ಚಿದ ದೃಢೀಕರಣವಿಲ್ಲದೆ ಅಂತಿಮ ಚುಕ್ತಾ ಇಲ್ಲ."

ಕೊನೆಯ ಸಾಲೇ ಮುಖ್ಯ. ಮಂಡಳಿಯಿಂದ ಏನು ಬೇಕೆಂದು ನೀವು ಕೇಳದಿದ್ದರೆ ಠರಾವು ಪುಸ್ತಕದಲ್ಲಿ "ವರದಿಯನ್ನು ಗಮನಿಸಲಾಯಿತು" ಎಂದು ಬರುತ್ತದೆ. ಕಳೆದ ನಾಲ್ಕು ಸಭೆಗಳ ಠರಾವುಗಳನ್ನು ಓದಿ: ಸೈಬರ್ ವಿಷಯದಲ್ಲಿ ಯಾರಾದರೂ ಪ್ರಶ್ನೆ ಕೇಳಿದ್ದಾರೆಯೇ, ಹಣ ಮಂಜೂರಾಗಿದೆಯೇ, ಗಡುವು ಕೊಟ್ಟಿದ್ದಾರೆಯೇ? ನಾಲ್ಕರಲ್ಲೂ ಗಮನಿಸಿದ್ದು ಮಾತ್ರವಾದರೆ, ಸೌಜನ್ಯ ಬಿಡದೆ, ಅದನ್ನೂ ಆಕ್ಷೇಪಣೆಯಾಗಿ ಬರೆಯಬೇಕು. ಬರೆಯಲು ಮುಜುಗರವಾಗುವ ಸಾಲು ಅದು. ಆದರೂ ಬಿಡಬೇಡಿ.

ಸಭೆಯ ಅಜೆಂಡಾ ವಾಟ್ಸ್ಆ್ಯಪ್ ಗುಂಪಿಗೆ ಹೋಗುವ ಪದ್ಧತಿ ಇದ್ದರೆ ಅನುಬಂಧವನ್ನು ಅದಕ್ಕೆ ಸೇರಿಸಬೇಡಿ. ಪ್ಯಾಚ್ ಆಗದ ಸರ್ವರಿನ ಹೆಸರು, ಐಪಿ ವಿಳಾಸ, ತೆರೆದ ಐಡಿಗಳು ಅದರಲ್ಲಿವೆ. ಕಾಗದದ ಪ್ರತಿಗೆ ಕ್ರಮಸಂಖ್ಯೆ ಹಾಕಿ ಸಭೆಯಲ್ಲೇ ಕೊಟ್ಟು, ಸಭೆ ಮುಗಿದ ಮೇಲೆ ಎಣಿಸಿ ವಾಪಸು ಪಡೆಯಿರಿ.

ಎರಡು ತಿಂಗಳಲ್ಲಿ "ಕ್ರಮ ಕೈಗೊಳ್ಳಲಾಗಿದೆ" ಎಂಬ ಅನುಪಾಲನಾ ವರದಿ ಬರುತ್ತದೆ. ಅದರ ಆಧಾರದ ಮೇಲೆ ಆಕ್ಷೇಪಣೆ ಮುಚ್ಚಬೇಡಿ. ಹೊಸ ಕಟ್-ಆಫ್ ದಿನಾಂಕ ಹಾಕಿ, ಮತ್ತೆ ಪಕ್ಕದಲ್ಲಿ ಕೂತು ಪಟ್ಟಿ ತೆಗೆಸಿ, ಆ ಅವಧಿಯಲ್ಲಿ ನಿವೃತ್ತರಾದವರ ಐಡಿ ಎಷ್ಟು ಗಂಟೆಯಲ್ಲಿ ಮುಚ್ಚಿತು ಎಂದು ನೋಡಿ. ಆ ಅವಧಿಯಲ್ಲಿ ಯಾರೂ ಬಿಟ್ಟುಹೋಗಿಲ್ಲವಾದರೆ ಹೊಸ ನಿಯಮ ಇನ್ನೂ ಪರೀಕ್ಷೆಗೆ ಸಿಕ್ಕಿಲ್ಲ. ಆಕ್ಷೇಪಣೆಯ ಎದುರಿಗೆ "ಪರೀಕ್ಷೆ ಬಾಕಿ" ಎಂದು ಬರೆದು ಮುಂದಿನ ತ್ರೈಮಾಸಿಕಕ್ಕೆ ಇಟ್ಟುಕೊಳ್ಳಿ.